ನಿಮಿಷಕ್ಕೆ ಅರವತ್ತು ಪದ

ಟೈಪಿಂಗ್ ಟೀಚರ್‌ಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ಮಿಷಿನ್ ನಂಬರು ನೆನಪಿರುತ್ತದೆ. ಬೀದಿಯಲ್ಲಿ ನರೆತ ತಲೆಯ ಗೃಹಸ್ಥರೊಬ್ಬರು ಸ್ಕೂಟರ್ ನಿಲ್ಲಿಸಿ ಕೈ ಮುಗಿದರೆ, "ಏನಪ್ಪಾ ಒಂಬತ್ತು, ಕಿರುಬೆರಳು ಈಗಲಾದ್ರೂ ಸರಿ ಹೋಯ್ತಾ?" ಎನ್ನುತ್ತಾರೆ ಟೀಚರ್. ಆ ಗೃಹಸ್ಥರು ಕಿರುಬೆರಳನ್ನು ಜೇಬಿನೊಳಗೆ ಬಚ್ಚಿಡುತ್ತಾರೆ. ನಾನು ಹದಿನೇಳನೇ ನಂಬರು. ಟೀಚರ್ ಕಲಿಸಿದ ಕೊನೆಯ ವಿದ್ಯಾರ್ಥಿನಿ.

ಮೂವತ್ತೆಂಟು ವರ್ಷ ಒಂದೇ ಹಜಾರ, ಇಪ್ಪತ್ತನಾಲ್ಕು ಟೈಪ್‌ರೈಟರ್ ಮಿಷಿನ್. ಎಲ್ಲದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಬರೆದ ಅಂಕಿ. ಕಟ್ಟಡದ ಮಾಲೀಕ ಹಜಾರವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಗುಜರಿಯವನು ಲಾರಿ ತರುತ್ತಾನೆ, ಮಧ್ಯಾಹ್ನ ಬಣ್ಣ ಬಳಿಯುವವರು ಬರುತ್ತಾರೆ. ಟೀಚರ್ ಮನೆಯಲ್ಲಿ ಮಂಚದ ಕೆಳಗೆ ಒಂದಿಟ್ಟರೆ ಪೊರಕೆಗೆ ಜಾಗವಿಲ್ಲ. ನಮ್ಮ ಮನೆಯಲ್ಲೂ ಅಮ್ಮ ಒಪ್ಪಿದ್ದು ಒಂದಕ್ಕೆ ಮಾತ್ರ.

"ಕಲಿತವರ ಮನೆಗೇ ಹೋಗಲಿ. ಒಂದು ಮೂಲೇಲಿ ಕೂತಿರಲಿ. ಒಡೆದು ಕಬ್ಬಿಣ ಮಾಡೋದು ಬೇಡ," ಎಂದರು ಟೀಚರ್.

ಇನ್‌ಸ್ಟಾಗ್ರಾಮ್‌ನಲ್ಲಿ ಸಂಸ್ಥೆಯ ಹೆಸರಲ್ಲಿ ಖಾತೆ ತೆರೆದುಕೊಟ್ಟವಳು ನಾನೇ. ಬುಧವಾರ ಇಪ್ಪತ್ತನಾಲ್ಕು ಮಿಷಿನ್‌ಗಳ ಸಾಲಿನ ಚಿತ್ರ ಹಾಕಿದೆವು. ಕೆಳಗಿನ ಒಕ್ಕಣೆ ಅವರದು: "ಹಳೆಯ ವಿದ್ಯಾರ್ಥಿಗಳು ತಮ್ಮ ಮಿಷಿನ್ ಮನೆಗೆ ಬೇಕಿದ್ದರೆ ನಂಬರ್ ಬರೆಯಿರಿ. ಒಂದೇ ನಂಬರಿನಲ್ಲಿ ಹಲವರು ಕಲಿತಿದ್ದೀರಿ. ನಾನು ಉತ್ತರ ಕೊಡುವವರೆಗೆ ಯಾರೂ ಬರಬಾರದು."

ಆ ಕೊನೆಯ ವಾಕ್ಯ ತರಗತಿಯ ಮೊದಲ ನಿಯಮದಂತೆಯೇ ಇತ್ತು. ನಾನು ಹೇಳುವವರೆಗೆ ಯಾರೂ ಕೀ ಮುಟ್ಟಬಾರದು.

ಸಂಜೆಯೊಳಗೆ ನೂರೈವತ್ತು ಕಾಮೆಂಟ್. ಯಾರೋ ನಾಲ್ಕು, ಯಾರೋ ಇಪ್ಪತ್ತೆರಡು. ಬರಿಯ ಅಂಕಿಗಳನ್ನು ಓದುತ್ತಾ ಟೀಚರ್ ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲು ಎಲ್ಲರ ಮಾತಿಗೂ ಒಂದೊಂದು ಲೈಕ್. ಆಮೇಲೆ ಎಲ್ಲರನ್ನೂ ಫಾಲೋ.

"ಎಲ್ಲರನ್ನೂ ಯಾಕೆ ಟೀಚರ್?"

"ಹುಡುಕಿಕೊಂಡು ಬಂದವರ ಮುಖ ತಿರುಗಿ ನೋಡದೆ ಇರ್ತಾರೇನೇ?"

ಆಮೇಲೆ ಉತ್ತರ. ನಂಬರು ಇನ್ನೂ ಹಂಚಿರಲಿಲ್ಲ. ಮೊದಲು ಎಲ್ಲರಿಗೂ ಒಂದು ಮಾತು. "ನೆನಪಿಟ್ಟಿದ್ದಕ್ಕೆ ಸಂತೋಷ. ನಾಳೆ ತಿಳಿಸುತ್ತೇನೆ." ಒಂದು ಸಲ ಬರೆದು ನಕಲು ಮಾಡಿ ಅಂಟಿಸಿ ಎಂದೆ. ಅವರಿಗೆ ಅವಮಾನವಾದಂತಾಯಿತು. "ಟೈಪಿಂಗ್ ಟೀಚರ್ ನಕಲು ಹೊಡೀಬೇಕಾ?" ಪ್ರತಿ ಸಲವೂ ಹೊಸದಾಗಿ ಹೊಡೆದರು, ಒಂದಕ್ಷರ ತಪ್ಪದೆ, ಒಂದು ಚುಕ್ಕೆ ಆಚೀಚೆಯಾಗದೆ. ಅವರ ಬೆರಳುಗಳ ಮೇಲೆ ಬಿಸಿಲು ಬಿದ್ದಿತ್ತು. ಬೆರಳು ಕಾಣುತ್ತಿರಲಿಲ್ಲ, ಬಿಸಿಲು ಅಲುಗಾಡುವುದು ಮಾತ್ರ ಕಾಣುತ್ತಿತ್ತು.

ಅರವತ್ತೊಂದನೆಯದಕ್ಕೆ ಪರದೆಯ ಮೇಲೊಂದು ಪೆಟ್ಟಿಗೆ ಎದ್ದಿತು. ಸದ್ಯಕ್ಕೆ ಇದು ಆಗದು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ನಮ್ಮ ಸಮುದಾಯದ ರಕ್ಷಣೆಗಾಗಿ ಕೆಲವು ಚಟುವಟಿಕೆಗಳಿಗೆ ಮಿತಿ ಹಾಕುತ್ತೇವೆ. ಲೈಕ್ ಒತ್ತಿದರೆ ಹೃದಯ ಕೆಂಪಾಗಿ, ಮರುಕ್ಷಣ ಬಿಳಿಚಿಕೊಳ್ಳುತ್ತಿತ್ತು.

"ಯಾರಿಂದ ರಕ್ಷಣೆ?" ಟೀಚರ್ ಕೇಳಿದರು.

"ನಿಮ್ಮಿಂದ. ನೀವು ಮನುಷ್ಯರಲ್ಲ ಅನ್ಕೊಂಡಿದೆ. ಇಷ್ಟು ಬೇಗ ಒಂದೇ ಮಾತು ಬರೆಯೋದು, ಫಾಲೋ ಮಾಡೋದು, ಇದೆಲ್ಲ ಯಂತ್ರಗಳು ಮಾಡೋ ಕೆಲಸ ಅಂತ ಅದರ ಲೆಕ್ಕ."

ಅವರು ಜೋರಾಗಿ ನಕ್ಕರು. "ನಿಮಿಷಕ್ಕೆ ಅರವತ್ತು ಪದ ಹೊಡೀರಿ ಅಂತ ಜೀವಮಾನವಿಡೀ ಬೈದಿದ್ದೀನಿ. ಹೊಡೆದಿದ್ದಕ್ಕೆ ಶಿಕ್ಷೆ ಆಗಿದ್ದು ಇದೇ ಮೊದಲು."

ಸಂಜೆ ಐದಕ್ಕೆ ತಾನಾಗಿ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಅಮ್ಮ ಕರೆದಳೆಂದು ನಾನು ಮನೆಗೆ ಹೋಗಿದ್ದೆ. ನಿಧಾನವಾಗಿ ಮಾಡಿ, ನಡುನಡುವೆ ಎದ್ದು ಓಡಾಡಿ ಎಂದು ಹೇಳಿ ಹೋಗಬೇಕಿತ್ತು. ಹೇಳಲಿಲ್ಲ. ಕಳೆದುಹೋದ ಏಳು ಗಂಟೆಯನ್ನು ಟೀಚರ್ ಬೆಳಗ್ಗಿಗಿಂತ ಬೇಗ ಹೊಡೆದು ತುಂಬಿಸಲು ಹೊರಟಿದ್ದರು. ನಾನು ತಿರುಗಿ ಬರುವಾಗ ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಈ ಸಲದ ಪೆಟ್ಟಿಗೆಯಲ್ಲಿ ತಾರೀಖಿತ್ತು. ಭಾನುವಾರದವರೆಗೆ.

"ಭಾನುವಾರ ಅಂದ್ರೆ ಶನಿವಾರ ಆದಮೇಲೆ," ಎಂದರು, ನನಗೆ ಗೊತ್ತಿಲ್ಲವೇನೋ ಎಂಬಂತೆ.

ತಪ್ಪು ತಿಳುವಳಿಕೆಯಾಗಿದ್ದರೆ ನಮಗೆ ತಿಳಿಸಿ ಎಂಬ ಗುಂಡಿ ಇತ್ತು. ಒತ್ತಿದೆ. ತಿಳಿಸಿದ್ದಕ್ಕೆ ವಂದನೆ ಎಂದಿತು, ಮತ್ತೇನೂ ಅನ್ನಲಿಲ್ಲ. ಖಾತೆಯಿಂದ ಹೊರಬಂದು ಮತ್ತೆ ಒಳಹೋದೆ. ಪಾಸ್‌ವರ್ಡ್ ಬದಲಿಸಿದೆ. ನನ್ನ ಫೋನಿನಿಂದ ತೆರೆದೆ. ಬಿದ್ದಿದ್ದ ತಡೆ ಖಾತೆಯ ಮೇಲೆ, ಯಾವ ಬಾಗಿಲಿನಿಂದ ಹೋದರೂ ಎದುರಿಗೆ ಅದೇ ಗೋಡೆ.

ಚಿತ್ರ ಹಾಕುವುದಕ್ಕೆ ಮಾತ್ರ ತಡೆ ಇರಲಿಲ್ಲ. ಶುಕ್ರವಾರ ಹೊಸದೊಂದು ಹಾಕಿದೆವು: ಉತ್ತರಕ್ಕೆ ಕಾಯಬೇಡಿ, ಬನ್ನಿ. ಆದರೆ ಉತ್ತರ ಕೊಟ್ಟರೆ ಅವರವರ ಫೋನಿಗೆ ಸುದ್ದಿ ಹೋಗುತ್ತದೆ; ಹೊಸ ಚಿತ್ರ ಕಣ್ಣಿಗೆ ಬಿದ್ದವರಿಗಷ್ಟೇ. ಹೆಚ್ಚಿನವರು ನಮ್ಮನ್ನು ಫಾಲೋ ಕೂಡ ಮಾಡುತ್ತಿರಲಿಲ್ಲ, ಯಾರೋ ಹೇಳಿದರೆಂದು ಬಂದು ನಂಬರು ಬರೆದು ಹೋದವರು. ಸಂದೇಶ ಕಳಿಸಿದೆವು. ಪರಿಚಯವಿಲ್ಲದ ಖಾತೆಯದೆಂದು ಅವು ಬೇರೆ ಪೆಟ್ಟಿಗೆಯಲ್ಲಿ, ಯಾರೂ ಇಣುಕದ ಕಡೆ ಕೂತವು.

ಕೊನೆಗೆ ನನ್ನ ಸ್ವಂತ ಖಾತೆಯಿಂದ ಒಂದೊಂದಾಗಿ ಉತ್ತರ ಬರೆದೆ. ನನಗೂ ತಡೆ ಬೀಳಬಾರದೆಂದು ಐದೈದು ನಿಮಿಷ ಬಿಟ್ಟು, ವಾಕ್ಯ ಬದಲಿಸಿ. ಹನ್ನೆರಡನೇ ನಂಬರಿನ ಹೆಂಗಸು ತಕ್ಷಣ ಬರೆದಳು: "ನೀವ್ಯಾರಮ್ಮ? ಟೀಚರ್ ಹೇಳಲಿ, ಬರ್ತೀನಿ."

ಟೀಚರ್ ಅದನ್ನು ಎರಡು ಸಲ ಓದಿದರು. "ಹನ್ನೆರಡು ಯಾವಾಗಲೂ ಹಾಗೇ. ನಾನು ಹೇಳದೆ ಹಾಳೆ ಕೂಡ ಸೇರಿಸ್ತಿರಲಿಲ್ಲ." ದನಿಯಲ್ಲಿ ಹೆಮ್ಮೆಯಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ಚೆನ್ನಾಗಿ ಕಲಿಸಬಾರದಿತ್ತು," ಎಂದರು.

"ಫೋನ್ ಮಾಡೋಣ ಟೀಚರ್. ದಾಖಲೆ ಪುಸ್ತಕದಲ್ಲಿ ನಂಬರ್ ಇರುತ್ತಲ್ಲ?"

ಪುಸ್ತಕದಲ್ಲಿದ್ದವು ಮನೆಯ ಹಳೆಯ ಲ್ಯಾಂಡ್‌ಲೈನ್ ನಂಬರುಗಳು. ಹತ್ತಿಪ್ಪತ್ತು ತಿರುಗಿಸಿದೆವು. ಒಂದೂ ಬದುಕಿರಲಿಲ್ಲ.

ಮಾಲೀಕನ ಬಳಿಯೂ ಹೋದೆ. "ಎರಡು ದಿನ ಅಷ್ಟೇ ಅಂಕಲ್." ಅವರು ಕೆಟ್ಟವರಲ್ಲ. "ಬಣ್ಣದವರು ಮತ್ತೆ ಸಿಗೋದು ಮುಂದಿನ ತಿಂಗಳೇ ತಾಯಿ," ಎಂದು ತಮ್ಮ ಪಾಲಿನ ಅಸಹಾಯಕತೆ ತೋರಿಸಿದರು.

ಶನಿವಾರ ಹತ್ತು ಗಂಟೆಯ ಹೊತ್ತಿಗೆ ಏಳು ಮಿಷಿನ್ ಹೋಗಿದ್ದವು, ನನ್ನ ಹದಿನೇಳೂ ಸೇರಿ. ಒಂಬತ್ತನೆಯದನ್ನು ಸ್ಕೂಟರಿನವರು ಮಗುವಿನಂತೆ ಮುಂದೆ ನಿಲ್ಲಿಸಿಕೊಂಡು ಒಯ್ದರು. ಇನ್ನೂ ಹದಿನೇಳು ಮಿಷಿನ್ ಉಳಿದಿದ್ದವು, ಹನ್ನೆರಡನೆಯದೂ ಅವುಗಳಲ್ಲೊಂದು. ಗುಜರಿಯವನ ಆಳುಗಳು ಎತ್ತಿದಾಗ ಒಂದೊಂದರ ಹಾಳೆ ಹಿಡಿಯುವ ಕ್ಯಾರೇಜ್ ಜಾರಿ ತುದಿ ಮುಟ್ಟುತ್ತಿತ್ತು, ಗಂಟೆ 'ಟಿಣ್' ಎನ್ನುತ್ತಿತ್ತು. ಸಾಲು ಮುಗಿಯಿತು, ಕೆಳಗಿನ ಸಾಲಿಗೆ ಇಳಿ ಎಂದು ಹೇಳುವ ಗಂಟೆ. ಟೀಚರ್ ಪ್ರತಿ ಸಲವೂ ಎಡಗೈಯನ್ನು ಒಂದಿಷ್ಟು ಎತ್ತಿ, ಮತ್ತೆ ಇಳಿಸುತ್ತಿದ್ದರು.

"ನಿಧಾನ ಎತ್ತಪ್ಪಾ," ಎಂದರು.

"ಒಡೆಯೋಕೆ ಅಲ್ವಾ ಅಮ್ಮಾ ತಗೊಂಡು ಹೋಗೋದು," ಎಂದ ಒಬ್ಬ ಆಳು. ಆದರೂ ನಿಧಾನಕ್ಕೆ ಎತ್ತಿದ.

ಭಾನುವಾರ ಮಧ್ಯಾಹ್ನ ಟೀಚರ್ ಮನೆಗೆ ಹೋದೆ. ಲ್ಯಾಪ್‌ಟಾಪ್ ತೆರೆದು ಒಂದು ಲೈಕ್ ಒತ್ತಿದೆ. ಹೃದಯ ಕೆಂಪಾಯಿತು. ಕೆಂಪಾಗಿಯೇ ಉಳಿಯಿತು.

ಹನ್ನೆರಡನೇ ನಂಬರಿನವಳು ಅಷ್ಟರಲ್ಲಿ ಮತ್ತೆ ಬರೆದಿದ್ದಳು. "ಟೀಚರ್, ಕಾಯ್ತಾ ಇದ್ದೀನಿ. ಮನೇಲಿ ಮೇಜು ಖಾಲಿ ಮಾಡಿಟ್ಟಿದ್ದೀನಿ."

"ನಾನು ಬರೀಲಾ?" ಎಂದೆ.

ಬೇಡವೆಂದು ತಲೆಯಾಡಿಸಿ ಲ್ಯಾಪ್‌ಟಾಪನ್ನು ತಮ್ಮೆಡೆಗೆ ಎಳೆದುಕೊಂಡರು. ಹತ್ತೂ ಬೆರಳುಗಳು ಅಭ್ಯಾಸಬಲದಿಂದ ತಮ್ಮ ತಮ್ಮ ಕೀಗಳ ಮೇಲೆ ಕೂತವು. ಒಂದು ಕ್ಷಣ ಹಾಗೇ ಇದ್ದು, ಒಂಬತ್ತು ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಮೂವತ್ತೆಂಟು ವರ್ಷ ಯಾರೇ ಒಂದು ಬೆರಳಲ್ಲಿ ಹೊಡೆದರೂ ಸ್ಕೇಲಿನಿಂದ ಗೆಣ್ಣಿಗೆ ಬಡಿದವರು, ತೋರುಬೆರಳೊಂದರಿಂದಲೇ ಹುಡುಕಿ ಹುಡುಕಿ, ಒಂದೊಂದೇ ಅಕ್ಷರ ಒತ್ತತೊಡಗಿದರು.