ವಿಸ್ಮಿತಾ ಬರೆದ ಎಂಟು ಸಾಲು

ವಾಮದಪದವಿನ ವಿಸ್ಮಿತಾ ಬಂಟ್ವಾಳದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಆರು ವರ್ಷದಿಂದ ನರ್ಸ್. ತಂದೆ ನೋಣಯ್ಯ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು, ತಾಯಿ ಅಮ್ಮಣಿ ಬೀಡಿ ಕಟ್ಟುತ್ತಿದ್ದವರು. ಮನೆಯಲ್ಲಿ ಯಾರೂ ತಮ್ಮ ಕೆಲಸವನ್ನು ‘ನನ್ನದು’ ಎಂದು ಹೇಳಿಕೊಂಡದ್ದಿಲ್ಲ. ‘ಗದ್ದೆ ನಾವು ನೆಟ್ಟೆವು, ಮದುವೆ ನಾವು ಮಾಡಿದೆವು’ ಎಂದೇ ಮಾತು. ಮಗಳಿಗೂ ಅದೇ ರೂಢಿ. ರಕ್ತದೊತ್ತಡ ಕುಸಿದವನನ್ನು ಒಬ್ಬಳೇ ಉಳಿಸಿದ ದಿನವೂ ಮನೆಗೆ ಬಂದು, “ಇವತ್ತು ನಾವು ಒಬ್ಬರನ್ನು ಉಳಿಸಿದೆವು ಅಮ್ಮ” ಎಂದಿದ್ದಳು.

ಬ್ರಿಟನ್ನಿನ ಆಸ್ಪತ್ರೆಗಳಿಗೆ ಅವಳು ಅರ್ಜಿ ಹಾಕಲು ಶುರುಮಾಡಿ ಬಹಳ ತಿಂಗಳಾಗಿತ್ತು. ಇಂಗ್ಲಿಷ್ ಪರೀಕ್ಷೆ ಪಾಸಾಗಿತ್ತು, ಅಲ್ಲಿನ ನರ್ಸಿಂಗ್ ಮಂಡಳಿಯ ಕಂಪ್ಯೂಟರ್ ಪರೀಕ್ಷೆಯೂ ಆಗಿತ್ತು. ಆದರೆ ಒಂದು ಆಸ್ಪತ್ರೆಯೂ ಸಂದರ್ಶನಕ್ಕೆ ಕರೆಯಲಿಲ್ಲ. ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡು ವರ್ಷವಷ್ಟೇ ಬೆಲೆ, ಅದೂ ಮುಗಿಯುತ್ತ ಬಂದಿತ್ತು. ಮತ್ತೊಮ್ಮೆ ಬರೆಯುವಷ್ಟು ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

ಆಗ ಸುರಕ್ಷಾ ರಜೆಯಲ್ಲಿ ಊರಿಗೆ ಬಂದಳು. ಇದೇ ವಿಭಾಗದಲ್ಲಿ ವಿಸ್ಮಿತಾಳಿಗಿಂತ ಹಿರಿಯಳಾಗಿದ್ದವಳು, ಈಗ ಬ್ರಿಟನ್ನಿನಲ್ಲಿ ಡಯಾಲಿಸಿಸ್ ನರ್ಸ್. ಇಬ್ಬರೂ ಫರಂಗಿಪೇಟೆಯಲ್ಲಿ ಶಾಹುಲ್ ಹಮೀದರ ಕಂಪ್ಯೂಟರ್ ಅಂಗಡಿಯಲ್ಲಿ ಕೂತರು. ಅರ್ಜಿಗಳನ್ನು ಟೈಪ್ ಮಾಡಿ ಕಳಿಸುತ್ತಿದ್ದವರು ಶಾಹುಲರೇ.

ವಿಸ್ಮಿತಾ ತನ್ನ ಬಗ್ಗೆ ಬರೆದಿದ್ದ ಪರಿಚಯದ ಎಂಟು ಸಾಲನ್ನು ಸುರಕ್ಷಾ ಪರದೆಯ ಮೇಲೆ ಓದಿ ನಕ್ಕಳು.

“ಇದು ಯಾರ ಬಗ್ಗೆ ಮಾರಾಯ್ತಿ? ಹೆರಿಗೆ, ಜನರಲ್ ವಾರ್ಡ್, ಆಪರೇಷನ್ ಥಿಯೇಟರ್, ತುರ್ತು ಚಿಕಿತ್ಸೆ... ಡಯಾಲಿಸಿಸ್ ಕೊನೆಯ ಸಾಲಿನಲ್ಲುಂಟು!”

“ಜನ ಕಡಿಮೆಯಾದಾಗ ನನ್ನನ್ನು ಎಲ್ಲ ಕಡೆ ಹಾಕಿದ್ದಾರಲ್ಲ ಅಕ್ಕ. ಎಲ್ಲಕ್ಕೂ ಆಗುವವಳು ಅಂತ ಗೊತ್ತಾಗಲಿ ಅಂತ.”

“ಇಲ್ಲಿ ಮೇಟ್ರನ್‌ಗೆ ಅದು ಖುಷಿ. ಅಲ್ಲಿ ಅವರಿಗೆ ಬೇಕಾದ್ದು ಡಯಾಲಿಸಿಸ್ ನರ್ಸ್. ಮತ್ತೆ ಇದೇನು, ದಿನಕ್ಕೆ ಮೂವತ್ತು ರೋಗಿ?”

“ನಮ್ಮಲ್ಲಿ ಅಷ್ಟೇ ಬರೋದು.”

“ನಮ್ಮಲ್ಲಿ! ನೀನು ಒಂದು ಶಿಫ್ಟ್‌ನಲ್ಲಿ ಎಷ್ಟು ಮೆಷಿನ್ ನೋಡ್ತೀ?”

“ನಾಲ್ಕು.”

“ಹಾಗಾದ್ರೆ ನಾಲ್ಕು ಅಂತ ಬರಿ. ಮೂವತ್ತು ಅಂತ ಓದಿದವರು, ಒಬ್ಬಳೇ ಮೂವತ್ತು ಮಂದಿಯನ್ನು ನೋಡ್ತಾಳೆ ಅಂತ ಗ್ರಹಿಸ್ತಾರೆ. ಒಂದೋ ಸುಳ್ಳು ಅಂತಾರೆ, ಇಲ್ಲದಿದ್ದರೆ ರೋಗಿಗಳಿಗೆ ಅಪಾಯ ಅಂತಾರೆ.”

ವಿಸ್ಮಿತಾಳ ಮುಖ ಕೆಂಪಾಯಿತು. ಇಡೀ ವಿಭಾಗದ ಲೆಕ್ಕವನ್ನು ತನ್ನ ಪರಿಚಯದಲ್ಲಿ ಹಾಕಿದ್ದಳು, ಆದರೆ ತನ್ನದೆಂದು ಹೇಳಿಕೊಳ್ಳಲೆಂದಲ್ಲ. ವಿಭಾಗದ್ದು ಬೇರೆ, ತನ್ನದು ಬೇರೆ ಎಂದೇ ಅವಳಿಗೆ ತೋರಿರಲಿಲ್ಲ.

ಶಾಹುಲರು ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳಿದರು, “ಅಲ್ಲಿನ ಮಂಡಳಿಯಲ್ಲಿ ನೋಂದಣಿ ಆಗಿದೆ ಅಂತ ಹಾಕುವನಾ? ತೂಕ ಬರ್ತದೆ.”

“ಬೇಡ ಕಾಕ,” ಎಂದಳು ವಿಸ್ಮಿತಾ. “ಅಲ್ಲಿ ಹೋಗಿ ಪ್ರಾಯೋಗಿಕ ಪರೀಕ್ಷೆ ಮುಗಿಸಿದ ಮೇಲಲ್ವಾ ಅದು ಸಿಗೋದು?”

“ಅವರ ಪಟ್ಟಿ ಯಾರು ಬೇಕಾದ್ರೂ ನೋಡಬಹುದು ಕಾಕ,” ಎಂದಳು ಸುರಕ್ಷಾ. “ಹೆಸರಿಲ್ಲ ಅಂತ ಎರಡು ನಿಮಿಷದಲ್ಲಿ ಗೊತ್ತಾಗ್ತದೆ. ಇಲ್ಲಿಂದ ಹೋಗುವ ಹೆಚ್ಚಿನವರಿಗೆ ಆ ಪರೀಕ್ಷೆ ಬಾಕಿಯೇ ಇರ್ತದೆ, ಅದು ಆಸ್ಪತ್ರೆಯವರಿಗೂ ಗೊತ್ತುಂಟು.”

ಶಾಹುಲರು ನಿಟ್ಟುಸಿರು ಬಿಟ್ಟು, “ಸರಿ, ಇದ್ದದ್ದು ಇದ್ದ ಹಾಗೆ ಬರೆಯುವ. ಹೇಳಿ ಮಕ್ಕಳೇ,” ಎಂದರು.

ಮೊದಲ ಸಾಲಿನಲ್ಲೇ ಡಯಾಲಿಸಿಸ್ ನರ್ಸ್, ಆರು ವರ್ಷ. ಒಂದು ಶಿಫ್ಟ್‌ಗೆ ನಾಲ್ಕು ರೋಗಿಗಳು, ತೋಳಿನ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಸೂಜಿ ಹಾಕುವುದರಿಂದ ಹಿಡಿದು ಯಂತ್ರದಿಂದ ಬಿಡಿಸುವವರೆಗೆ. ಕರ್ನಾಟಕದ ಮಂಡಳಿಯಲ್ಲಿ ನೋಂದಣಿ ಚಾಲ್ತಿಯಲ್ಲಿದೆ. ಬ್ರಿಟನ್ನಿನ ಕಂಪ್ಯೂಟರ್ ಪರೀಕ್ಷೆ ಉತ್ತೀರ್ಣ, ಪ್ರಾಯೋಗಿಕ ಪರೀಕ್ಷೆ ಬಾಕಿ. ‘ನಾನು’ ಎಂದು ಹೇಳುವಾಗಲೆಲ್ಲ ವಿಸ್ಮಿತಾಳ ದನಿ ಇಳಿಯುತ್ತಿತ್ತು.

“ಜೋರಾಗಿ ಹೇಳಮ್ಮ,” ಎಂದರು ಶಾಹುಲರು. “ಕಳ್ಳತನ ಒಪ್ಪಿಕೊಳ್ಳುವ ಹಾಗೆ ಹೇಳ್ತಾ ಇದ್ದೀಯಲ್ಲ!”

ಎಂಟು ಸಾಲು ಐದಾಯಿತು. ಅವನ್ನೇ ಮೊದಲಿನ ಆಸ್ಪತ್ರೆಗಳಿಗೂ ಮತ್ತೆ ಕಳಿಸಿದರು. ಮರುದಿನ ವಿಸ್ಮಿತಾ ಪೊಳಲಿಯ ದೇವಸ್ಥಾನಕ್ಕೆ ಹೋಗಿ ದೇವಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಏನನ್ನೂ ಬೇಡಿಕೊಳ್ಳಲು ಅವಳಿಗೆ ಮಾತು ಹೊಳೆಯಲಿಲ್ಲ. ಬೇಡದಿದ್ದರೂ ಕೇಳಿಸಿಕೊಳ್ಳುವವರಿದ್ದಾರೆ.

ಒಂದು ಆಸ್ಪತ್ರೆಯಿಂದ ವೀಡಿಯೋ ಸಂದರ್ಶನಕ್ಕೆ ಕರೆ ಬಂತು. ಡಯಾಲಿಸಿಸ್ ನಡೆಯುತ್ತಿರುವಾಗಲೇ ರೋಗಿಯ ರಕ್ತದೊತ್ತಡ ಕುಸಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಯಂತ್ರ ದೇಹದಿಂದ ನೀರು ತೆಗೆಯುವುದನ್ನು ನಿಲ್ಲಿಸುತ್ತೇನೆ, ತಲೆ ತಗ್ಗಿಸಿ ಕಾಲು ಎತ್ತರಿಸುತ್ತೇನೆ, ಅಲ್ಲಿನ ಕ್ರಮದಂತೆ ಸಲೈನ್ ಕೊಡುತ್ತೇನೆ, ಪಕ್ಕದ ನರ್ಸನ್ನು ಕೂಗುತ್ತೇನೆ, ವೈದ್ಯರಿಗೆ ತಿಳಿಸುತ್ತೇನೆ. ಈ ಸಲ ‘ನಾನು’ ಎಂದು ಹೇಳಲು ಅವಳು ತಡವರಿಸಲಿಲ್ಲ. ಎಷ್ಟೋ ಸಲ ಮಾಡಿದ ಕೆಲಸ ಅದು.

ಕೆಲವು ದಿನಗಳ ಮೇಲೆ ಕೆಲಸದ ಪತ್ರ ಬಂತು. ದಾಖಲೆಗಳ ಪರಿಶೀಲನೆ, ವೀಸಾ, ಪ್ರಾಯೋಗಿಕ ಪರೀಕ್ಷೆ ಎಲ್ಲ ಇನ್ನೂ ಬಾಕಿ ಎಂದು ಅದರಲ್ಲೇ ಇತ್ತು. ವಿಸ್ಮಿತಾ ಅದನ್ನು ನಿಂತಲ್ಲೇ ಎರಡು ಸಲ ಓದಿ, ಅಡುಗೆ ಕೋಣೆಯ ಹೊಸ್ತಿಲಲ್ಲಿ ಕೂತುಬಿಟ್ಟಳು.

“ಏನು ಮಗಾ, ತಲೆ ತಿರುಗಿತಾ?” ಎಂದು ಅಮ್ಮಣಿ ಓಡಿಬಂದರು.

“ಇಲ್ಲಮ್ಮ. ಸಿಕ್ಕಿತು. ಡಯಾಲಿಸಿಸ್‌ಗೇ ಸಿಕ್ಕಿತು.”

ಅಮ್ಮಣಿ ದೇವರ ಕಡೆಗೊಮ್ಮೆ ಕೈ ಮುಗಿದರು. ಆಮೇಲೆ ಮಗಳ ಪಕ್ಕದಲ್ಲೇ ಕೂತು, “ಅಬ್ಬಾ,” ಎಂದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ, ಕಾರಣವೇ ಬೇಡದ ಹಾಗೆ, ನಕ್ಕರು.