ಬಲಕ್ಕೆ ಅಂದಿದ್ದಳು ಗುರುದೇವಿ

ಚಂದ್ರಾ ಲೇಔಟಿನ ಗುರುದೇವಿ ದಿನಾ ಬೆಳಿಗ್ಗೆ ಮೆಜೆಸ್ಟಿಕ್ಕಿನ ಖಾನಾವಳಿಗೆ ಜೋಳದ ರೊಟ್ಟಿ ಕೊಟ್ಟು ಮೆಟ್ರೊದಲ್ಲಿ ವಾಪಸು ಬರುವವಳು. ಮನೆ ಹತ್ತಿರದ ಸ್ಟೇಷನ್ನಿನಲ್ಲಿ ಟಿಕೆಟ್ ಗೇಟು ದಾಟಿದರೆ ಸಾಕು, ಕಾಲು ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಏಳನೇ ಇಯತ್ತೆ ಓದಿದವಳೇ. ಆದರೂ ತಲೆಯ ಮೇಲೆ ತೂಗುವ ಬೋರ್ಡನ್ನು ಒಂದು ದಿನವೂ ಓದಿರಲಿಲ್ಲ.

ಹಾಗಾಗಿ ಮೊಣಕಾಲು ತೋರಿಸಲು ಬರಬೇಕಿದ್ದ ಕೆಂಗೇರಿಯ ಅಕ್ಕ ಹಾಲವ್ವ ಫೋನಿನಲ್ಲಿ, "ಗೇಟ್ ನಂಬರ್ ಯಾವ್ದವಾ?" ಎಂದಾಗ ನಕ್ಕುಬಿಟ್ಟಳು.

"ನಂಬರ್ ಗಿಂಬರ್ ಬ್ಯಾಡ ಬಿಡಕ್ಕ. ಹೊರಗ ಬಂದು ಬಲಕ್ಕ ಹೊಳ್ಳು. ಕೆಳಗಿಳದ್ರ ದವಾಖಾನಿ. ನಾ ಅಲ್ಲೇ ಚೀಟಿ ಹಿಡ್ಕೊಂಡು ಕುಂತಿರ್ತೀನಿ."

ಮೊಣಕಾಲಿನ ಡಾಕ್ಟರು ಬರುವುದು ಮಂಗಳವಾರ ಮಾತ್ರ, ಅದೂ ಹನ್ನೆರಡರವರೆಗೆ. ಹನ್ನೊಂದೂವರೆಗೆ ಹಾಲವ್ವನ ಹೆಸರು ಕೂಗಿದರು. ಹಾಲವ್ವ ಇಲ್ಲ. ಫೋನು ಹಚ್ಚಿದರೆ, "ಇಳದೀನಲ್ಲ, ಇಲ್ಲಿ ಟೈರಿನ ಅಂಗಡಿ ಐತಿ" ಅಂದಳು.

ಟೈರಿನ ಅಂಗಡಿ ಇರುವುದು ರಸ್ತೆಯ ಆಚೆ ಬದಿಗೆ. ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ. ಸ್ಟೇಷನ್ನಿನೊಳಗಿಂದಲೇ ದಾಟಲು ಗುರುದೇವಿ ಓಡಿದಳು. ಹಾಲವ್ವ ಆಗಲೇ ವಾಪಸು ಮೆಟ್ಟಿಲು ಹತ್ತತೊಡಗಿ, ಅರ್ಧಕ್ಕೆ ಕಂಬಿ ಹಿಡಿದು ನಿಂತಿದ್ದಳು. ಸೆಕ್ಯೂರಿಟಿ ಅಮೀನಪ್ಪ ಅವಳ ಚೀಲ ಹಿಡಿದಿದ್ದ.

"ಬಲಕ್ಕೆ ಅಂತ ನೀವೇನಮ್ಮ ಹೇಳಿದ್ದು?" ಎಂದ ಅವನು. "ಮೆಜೆಸ್ಟಿಕ್ ಕಡೆಯಿಂದ ಬಂದೋರ ಬಲ, ಕೆಂಗೇರಿ ಕಡೆಯಿಂದ ಬಂದೋರಿಗೆ ಎಡ ಆಗತ್ತೆ. ಗೇಟಿನ ಎ, ಬಿ ಅಕ್ಷರ ಯಾವ ಕಡೆಯಿಂದ ಬಂದ್ರೂ ಬದಲಾಗಲ್ಲ. ಅಲ್ನೋಡಿ, ಆಸ್ಪತ್ರೆ ಹೆಸರಿನ ಮುಂದೆ ಬಿ ಅಂತ ಬರ್ದಿದೆ. ಬಾಣದ ಗುರುತು ಹಿಡ್ಕೊಂಡು ಹೋದ್ರೆ ಆಗಿತ್ತು. ಟಿಕೆಟ್ ಏನೂ ಬೇಡ, ಹೀಗೇ ದಾಟಿ. ಆ ಕಡೆ ಲಿಫ್ಟ್ ಇದೆ."

ಅವರು ದವಾಖಾನೆ ಕಡೆ ಇಳಿಯುವ ಹೊತ್ತಿಗೆ ಡಾಕ್ಟರ ಕಾರು ಹೊರಟಿತ್ತು.

ಬೆಂಚಿನ ಮೇಲೆ ಕುಳಿತು ಗುರುದೇವಿ ಅಕ್ಕನ ಮೊಣಕಾಲು ನೀವಿದಳು. ಬಾತಿತ್ತು. "ಬೈಯಾರ ಬೈಯಕ್ಕ" ಎಂದಳು.

"ಯಾಕ ಬೈಲಿ? ಬೋರ್ಡ್ ನಾ ಓದಿದ್ನೆವಾ," ಎಂದಳು ಹಾಲವ್ವ, "ಬಿ ಅಂತನ ಇತ್ತು. ಆದ್ರ ನೀ ದಿನಾ ಓಡಾಡಾಕಿ. ನನಗಿಂತ ನಿನಗ ಗೊತ್ತು ಅಂದ್ಕೊಂಡೆ."

ಬೈದಿದ್ದರೆ ಗುರುದೇವಿ ತಡೆದುಕೊಳ್ಳುತ್ತಿದ್ದಳೇನೋ. ಅಕ್ಷರಕ್ಕಿಂತ ತನ್ನ ಮಾತೇ ದೊಡ್ಡದೆಂದು ಅಕ್ಕ ಆ ಕಾಲಿನಲ್ಲಿ ಮೆಟ್ಟಿಲು ಇಳಿದಿದ್ದಳಲ್ಲ! ಆ ವಾರವಿಡೀ ರೊಟ್ಟಿ ತಟ್ಟುವಾಗಲೂ ಕಣ್ಣ ಮುಂದೆ ಅದೇ ಮೆಟ್ಟಿಲು.

ಮುಂದಿನ ಮಂಗಳವಾರ ಗುರುದೇವಿ ಕೆಂಗೇರಿಗೇ ಹೋಗಿ ಅಕ್ಕನನ್ನು ಕರೆತಂದಳು. ಗೇಟು ದಾಟಿದ್ದೇ ಗುರುದೇವಿಯ ಹಾಳು ಕಾಲು ಮತ್ತೆ ಬಲಕ್ಕೆ ಹೊರಳಿತು.

ಹಾಲವ್ವ ಸೆರಗು ಜಗ್ಗಿದಳು. "ಓದು."

ಗುರುದೇವಿ ಕತ್ತೆತ್ತಿ, ಶಾಲೆಯ ಹುಡುಗಿಯ ಹಾಗೆ ಬೋರ್ಡನ್ನು ಗಟ್ಟಿಯಾಗಿ ಓದಿದಳು. ಬಾಣ ಎಡಕ್ಕಿತ್ತು.