ಎಡಗೆನ್ನೆಯ ಹಳದಿ

ಶಿವಾಜಿನಗರದ ಆ ಸ್ಟುಡಿಯೋದಲ್ಲಿ ನನ್ನ ಕೆಲಸ ಕಣ್ಣು ತೆರೆಸುವುದು. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲಿ ಹೋದರೂ ಗುಂಪು ಫೋಟೋದಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ. ಅದೇ ದಿನದ ಇನ್ನೊಂದು ಫೋಟೋದಿಂದ ಅವರ ಮುಖ ಕತ್ತರಿಸಿ ತಂದು ಇಲ್ಲಿ ಕೂರಿಸಬೇಕು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ರೋಲ್ ತೊಳೆಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮುಖ ಬದಲಾಯಿಸುವವರು ನಮ್ಮ ರಸ್ತೆಯಲ್ಲಿ ಆಗ ನಾನೊಬ್ಬಳೇ. ಆ ಜಂಬ ನನಗೆ ಬೇಕಾದಷ್ಟಿತ್ತು.

ಒಂದು ಬೆಳಿಗ್ಗೆ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದ ಒಬ್ಬರು ಬಂದರು. ಕೆ.ಆರ್. ಪುರದ ಕಡೆ ಮನೆ. ಜೇಬಿನಲ್ಲಿ ಪೆನ್ನಿನ ಪಕ್ಕ ಭೂತಗನ್ನಡಿ. ಅವರ ಷಷ್ಟ್ಯಬ್ದಿಯ ಗುಂಪು ಫೋಟೋದಲ್ಲಿ ಹೆಂಡತಿ ಕಣ್ಣು ಮುಚ್ಚಿದ್ದರು. ಮೂರು ಮಕ್ಕಳ ಮದುವೆಯ ಫೋಟೋಗಳಲ್ಲೂ ಆಯಮ್ಮ ಕಣ್ಣು ಮುಚ್ಚಿಯೇ ಇದ್ದಾರಂತೆ, ಮೊಮ್ಮಕ್ಕಳು ನಿದ್ದೆ ಅಜ್ಜಿ ಅಂತ ಆಡಿಕೊಳ್ಳುತ್ತವಂತೆ. ಹಜಾರದಲ್ಲಿ ತೂಗುಹಾಕುವ ಈ ಒಂದರಲ್ಲಾದರೂ ಅವರು ಕಣ್ಣು ಬಿಟ್ಟಿರಬೇಕು, ಇನ್ನು ಮನೆಯಲ್ಲಿ ಇಂಥ ದೊಡ್ಡ ಕಾರ್ಯವೇನೂ ಉಳಿದಿಲ್ಲ ಅಂದರು. ಮುಖ ತೆಗೆಯಲು ಊಟದ ಹಾಲ್‌ನ ಒಂದು ಫೋಟೋ ತಾವೇ ಆರಿಸಿ ತಂದಿದ್ದರು. ಅದಕ್ಕಿಂತ ಸಲೀಸಾದ ನಾಲ್ಕೈದು ನನಗೆ ಕಂಡವು. ತೋರಿಸಿದೆ. ಬೇಡ, ಇದೇ ಆಗಬೇಕು ಅಂತ ಹಟ ಹಿಡಿದರು.

ಹಟ ಅವರದು, ಕಷ್ಟ ನನ್ನದು. ಊಟದ ಹಾಲ್‌ನಲ್ಲಿ ಆಯಮ್ಮ ಹಸಿರು ಸೀರೆ ಉಟ್ಟು, ಹಳದಿ ಗೋಡೆಗೆ ಎಡಭುಜ ತಾಗುವಂತೆ ನಿಂತಿದ್ದರು. ಗುಂಪು ಫೋಟೋದಲ್ಲಿ ಕೆಂಪು ರೇಷ್ಮೆ ಸೀರೆ, ಹಿಂದೆ ಬಿಳಿ ಪರದೆ. ಫ್ಲಾಶ್ ಬೆಳಕು ಬಟ್ಟೆಗೂ ಗೋಡೆಗೂ ಬಡಿದು, ಅವುಗಳ ಬಣ್ಣವನ್ನು ಹೊತ್ತು ವಾಪಸ್ ಮುಖಕ್ಕೆ ಬರುತ್ತದೆ. ಸೀರೆಯದು ಗಲ್ಲದ ಅಡಿಗೆ, ದವಡೆಯ ಅಂಚಿಗೆ. ಗೋಡೆಯದು ಆ ಬದಿಯ ಕೆನ್ನೆಗೆ. ಮುಖವನ್ನು ಹಾಗೇ ತಂದು ಕೂರಿಸಿದರೆ ಕೆಂಪು ಸೀರೆಯ ಮೇಲೆ ಹಸಿರು ಗಲ್ಲ. ಪಾಚಿ ಹತ್ತಿದ ಕೊಡದ ಹಾಗೆ ಕಾಣುತ್ತದೆ, ದೇವರಾಣೆ.

ಹಸಿರು ತೆಗೆದೆ. ಎಡಗೆನ್ನೆಯ ಹಳದಿಯನ್ನೂ ತೆಗೆದೆ. ಸೀರೆಯ ಕೆಂಪನ್ನು ತೆಳುವಾಗಿ ಗಲ್ಲದಡಿಗೆ ಬಳಿದೆ. ಮೊದಲ ಸಲ ಜಾಸ್ತಿಯಾಯಿತು. ಆಯಮ್ಮ ಎಲೆಅಡಿಕೆ ಉಗುಳಲು ಜಾಗ ಹುಡುಕುತ್ತಿರುವಂತೆ ಕಂಡರು. ಅದನ್ನು ನೋಡಿದ ಅವರ ಯಜಮಾನರು ಮಾರನೆಯ ದಿನ ಆ ಸೀರೆಯನ್ನೇ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟರು. ಮಾದರಿ ಇಲ್ಲದೆ ಯಾವ ಕೆಲಸವೂ ಪಾಸಾಗುವುದಿಲ್ಲ ಎಂಬುದು ಅವರ ಸಿದ್ಧಾಂತ.

ಸೀರೆ ಬಂತು, ಅದರ ಮೇಲೊಂದು ಮುಖ ಬೇಕಲ್ಲ. ನಾನು ಕ್ಯಾಮೆರಾ ಹಿಡಿಯಬೇಕು. ಉಳಿದವರು ನಮ್ಮ ಓನರ್, ಪೊದೆಮೀಸೆಯ ದಪ್ಪ ಆಸಾಮಿ. ಪಾಪ, ತಮಿಳಿನಲ್ಲಿ ಗೊಣಗುತ್ತಲೇ ಸೆರಗು ಹೊದ್ದು ಕೂತರು. ಬಾಗಿಲು ತೆರೆದೇ ಇತ್ತು. ಎದುರಿನ ಬಿರಿಯಾನಿ ಹೋಟೆಲಿನವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಅದೇ ಹೊತ್ತಿಗೆ ಕನ್ನಡಕ ಮರೆತಿದ್ದೆ ಅಂತ ಯಜಮಾನರು ಹಿಂದಿರುಗಿ ಬರಬೇಕೇ? ತಮ್ಮ ಹೆಂಡತಿಯ ಷಷ್ಟ್ಯಬ್ದಿ ಸೀರೆಯಲ್ಲಿ ಕೂತ ಮೀಸೆಯನ್ನು ಒಂದು ನಿಮಿಷ ನೋಡಿದರು. ಹಳೇ ಮಡಿಕೆಯ ಗುರುತಿನಲ್ಲೇ ಮಡಚಿ ಅಂತ ಹೇಳಿ, ಕನ್ನಡಕ ತೆಗೆದುಕೊಂಡು ಹೋದರು.

ಆದರೂ ಆ ಅವತಾರದಿಂದ ಉಪಕಾರವಾಯಿತು. ಕೆಂಪು ಎಲ್ಲೆಲ್ಲಿ ಬೀಳುತ್ತದೆ ಅಂತ ಓನರ್ ಮುಖದಲ್ಲಿ ಸ್ಪಷ್ಟವಾಗಿ ಕಂಡಿತು. ಗಲ್ಲದ ತಳದಲ್ಲಿ ಹೆಚ್ಚು, ದವಡೆ ಹತ್ತುತ್ತಾ ಕಡಿಮೆ, ಮೂಗಿನ ಅಡಿಯಲ್ಲಿ ಸ್ವಲ್ಪ, ಕೆನ್ನೆಯ ಮೇಲ್ಭಾಗದಲ್ಲಿ ಇಲ್ಲವೇ ಇಲ್ಲ. ಹಾಗೇ ಬಳಿದು ಪ್ರಿಂಟ್ ಹಾಕಿಸಿದೆ.

ಯಜಮಾನರು ಭೂತಗನ್ನಡಿ ಇಟ್ಟು ನೋಡಿದರು. ಕಣ್ಣು ಪಾಸ್. ಗಲ್ಲ ಪಾಸ್. ಎಡಗೆನ್ನೆಗೆ ಬಂದು ನಿಂತರು. ಇದು ರಿಜೆಕ್ಟ್ ಅಂದರು. ಕಾರಣ ಕೇಳಿದರೆ, ಹಳದಿ ಹೋಗಿದೆ ಅಂದರು. ಅದು ಗೋಡೆಯ ಹಳದಿ, ಆ ಗೋಡೆ ಇಲ್ಲಿಲ್ಲ, ಅದಕ್ಕೇ ತೆಗೆದೆ ಅಂತ ಪಾಠ ಮಾಡಿದೆ. ತಲೆಯಾಡಿಸಿ ಕೇಳಿಸಿಕೊಂಡರು. ಕೇಳಿಯಾದ ಮೇಲೆ ಮತ್ತೆ ರಿಜೆಕ್ಟ್ ಅಂದರು.

ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಕೆನ್ನೆಗೆ ಹಳದಿ ಬಳಿದು ಕೊಟ್ಟೆ. ಕಾಮಾಲೆ ಬಂದ ಹಾಗಿದೆ ಅಂತ ಹಿಂದಿರುಗಿಸಿದರು. ಓನರ್ ತಲೆ ಓಡಿಸಿದರು. ಹಳದಿ ಬೇಕಾದರೆ ಹಳದಿಗೊಂದು ಕಾರಣ ಬೇಕು, ಪಕ್ಕದಲ್ಲೇ ಒಂದು ಹಳದಿ ಪರದೆ ಇಳಿಬಿಡು ಅಂದರು. ಬಿಟ್ಟೆ. ಗುಂಪಿನಲ್ಲಿ ಆಯಮ್ಮನ ಪಕ್ಕ ನಿಂತಿದ್ದ ಯಜಮಾನರ ಷಡ್ಡಕ ಅರ್ಧ ಪರದೆಯ ಹಿಂದೆ ಹೋದರು. ಒಂದು ಕಿವಿ, ಒಂದು ಕಾಲು ಉಳಿಯಿತು. ಬೆಳಕಿನ ಲೆಕ್ಕ ಮಾತ್ರ ಪಕ್ಕಾ ಆಗಿತ್ತು, ಅದು ನನ್ನ ಹೆಮ್ಮೆ.

ಮೂರನೆಯ ಪ್ರಿಂಟನ್ನು ಯಜಮಾನರು ಬಹಳ ಹೊತ್ತು ಹಿಡಿದುಕೊಂಡಿದ್ದರು. ಓನರ್ ಚಹಾ ಹೇಳಲು ಹೊರಗೆ ಹೋದದ್ದು ನೋಡಿಕೊಂಡು, ಕಂಪ್ಯೂಟರಿನ ಕಡೆ ಬಾಗಿದರು.

"ಅದು ಗೋಡೆ ಅಲ್ಲಮ್ಮ," ಅಂದರು. "ನನ್ನ ಕೈ."

ನನಗೆ ಅರ್ಥವಾಗಲಿಲ್ಲ. ಅವರೇ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದರು. ಶಾಸ್ತ್ರ ಮುಗಿದು, ಆಯಮ್ಮ ಸೀರೆ ಬದಲಾಯಿಸಿ ಬಂದ ಮೇಲೆ ನಾದಿನಿಯರೆಲ್ಲ ಸೇರಿ, ಹೆಂಡತಿ ಕೆನ್ನೆಗೆ ಅರಿಶಿನ ಹಚ್ಚಿ ಅಂತ ಇವರನ್ನು ಹಿಡಿದುಕೊಂಡರಂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಅವಳ ಮುಖ ಮುಟ್ಟಿದ್ದು ಅದೊಂದೇ ಸಲ ಅಂದರು.

ಮೂಲ ಫೋಟೋ ತೆಗೆದು ದೊಡ್ಡದು ಮಾಡಿದೆ. ಗೋಡೆಯಿಂದ ಬಂದ ಹಳದಿ ಕಿವಿಯ ಕಡೆಯಿಂದ ಮೆಲ್ಲಗೆ ಕರಗುತ್ತಾ ಬಂದಿತ್ತು. ಅದರ ನಡುವೆ, ಕೆನ್ನೆಯ ಮೂಳೆಯ ಮೇಲೆ, ಇನ್ನೊಂದು ಹಳದಿ. ಅದಕ್ಕೆ ಅಂಚಿತ್ತು. ಬೆರಳಿನ ಮೂರು ಗೆರೆ ಸ್ಪಷ್ಟವಾಗಿದ್ದವು. ಬಡಿದು ಬಂದ ಬೆಳಕಿಗೆ ಅಂಚು ಇರುವುದಿಲ್ಲ ಅಂತ ಊರಿಗೆಲ್ಲ ಪಾಠ ಹೇಳುವ ನಾನು, ಅಂಚನ್ನು ಕಂಡೂ ಸ್ಕ್ಯಾನಿನ ಕೊಳೆ ಅಂತ ಉಜ್ಜಿಹಾಕಿದ್ದೆ. ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ಪರದೆ ಎಳೆದು ಷಡ್ಡಕರನ್ನು ಹೊರಗೆ ತಂದೆ. ಗೋಡೆಯ ಹಳದಿ ಮಾತ್ರ ತೆಗೆದು, ಬೆರಳಿನದನ್ನು ಉಳಿಸಿದೆ. ಗುಂಪು ಫೋಟೋದ ಹೊತ್ತಿಗೆ ಅರಿಶಿನ ಇನ್ನೂ ಹಚ್ಚಿರಲಿಲ್ಲವಲ್ಲ, ಇದು ಸುಳ್ಳಾಗುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, ಆ ಕಟ್ಟುನಿಟ್ಟಿನ ಮನುಷ್ಯ, ಇರಲಿ ಬಿಡಮ್ಮ ಅಂದರು.

ಪ್ರಿಂಟ್ ಒಯ್ಯಲು ಇಬ್ಬರೂ ಬಂದರು. ಆಯಮ್ಮ ಮೊದಲು ತಮ್ಮ ಕಣ್ಣು ನೋಡಿಕೊಂಡು ನಕ್ಕರು. ಆಮೇಲೆ ಕೆನ್ನೆ ನೋಡಿದರು. ಫೋಟೋವನ್ನು ಹತ್ತಿರ ತಂದು ಮತ್ತೆ ನೋಡಿದರು. ಯಜಮಾನರು ಎದುರಿನ ಹೋಟೆಲಿನ ಬೋರ್ಡನ್ನು ಅಕ್ಷರ ಬಿಡದೆ ಓದುತ್ತಿದ್ದರು.

"ಒಂದೇ ಕೆನ್ನೆಗೆ ಹಚ್ಚಿ ಓಡ್ಹೋಗ್ಬಿಟ್ರು ಕಣಮ್ಮ," ಅಂದರು ಆಯಮ್ಮ ನನಗೆ. "ಇನ್ನೊಂದಕ್ಕೂ ನೀನು ಹಚ್ಚಕ್ಕಾಗತ್ತಾ?"

ಆಗುತ್ತದೆ, ಆದರೆ ಇದೇ ಬೆರಳುಗಳನ್ನು ತಿರುಗಿಸಿ ಅಂಟಿಸಬೇಕು, ಎರಡೂ ಒಂದೇ ತರಹ ಇದ್ದರೆ ಕಳ್ಳತನ ಗೊತ್ತಾಗಿಬಿಡುತ್ತದೆ ಅಂದೆ.

ಆಯಮ್ಮ ಯೋಚಿಸಿದರು. ಫೋಟೋವನ್ನು ಕವರಿಗೆ ಹಾಕಿ, ಕವರನ್ನು ಗಂಡನ ಕೈಗೆ ಕೊಟ್ಟರು.

"ಹಾಗಾದ್ರೆ ಬಿಡಮ್ಮ. ಮನೇಲಿ ಅರಿಶಿನ ಇದೆ."

ಯಜಮಾನರು ಕವರ್ ಹಿಡಿದು ಅವರಿಗಿಂತ ಮೊದಲೇ ಮೆಟ್ಟಿಲಿಳಿದರು.